ಫನೆಲ್ ಚಾರ್ಟ್ ದಿಢೀರನೆ ಸಣಕಲಾದಾಗ: ತಳದಿಂದ ಮೇಲಕ್ಕೆ ದೋಷ ಹುಡುಕುವ ಕ್ರಮ

ಸೈಟಿಗೆ ಬಂದವರಲ್ಲಿ ಎಷ್ಟು ಜನ ಒಂದೊಂದೇ ಹಂತ ದಾಟಿ ಖರೀದಿಯವರೆಗೆ ಬಂದರು ಎಂಬುದನ್ನು ಆಲಿಕೆಯ ಆಕಾರದಲ್ಲಿ ತೋರಿಸುವುದು ಫನೆಲ್ ಚಾರ್ಟ್. ಸೋಮವಾರ ಬೆಳಿಗ್ಗೆ ಅದನ್ನು ತೆರೆದರೆ ಆಲಿಕೆಯ ಬಾಯಿ ಅಗಲವಾಗಿದೆ, ಕೊಳವೆ ಮಾತ್ರ ದಾರದಷ್ಟು ಸಣ್ಣಗಾಗಿದೆ. ಸೈಟಿಗೆ ಬಂದವರು ಹೆಚ್ಚಿದ್ದಾರೆ, ಕೊಂಡವರು ಅರ್ಧಕ್ಕಿಳಿದಿದ್ದಾರೆ. ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ "ಜನ ಯಾಕೆ ಕೊಳ್ಳುತ್ತಿಲ್ಲ?" ಎಂಬುದು. ಆ ಪ್ರಶ್ನೆಯನ್ನು ಸ್ವಲ್ಪ ತಡೆಹಿಡಿಯಿರಿ. ಜನ ಕೊಳ್ಳುತ್ತಿಲ್ಲವೋ, ಕೊಂಡದ್ದು ಲೆಕ್ಕಕ್ಕೆ ಬರುತ್ತಿಲ್ಲವೋ, ಅಥವಾ ಕೊಳ್ಳುವುದಕ್ಕೆ ಅವರಿಗೆ ಇನ್ನೂ ಸಮಯವೇ ಆಗಿಲ್ಲವೋ, ಈ ಮೂರೂ ಚಾರ್ಟಿನಲ್ಲಿ ಒಂದೇ ಥರ ಕಾಣುತ್ತವೆ. ಮೂರಕ್ಕೂ ಮದ್ದು ಬೇರೆ ಬೇರೆ.

ಈ ಮೂರನ್ನು ಬೇರ್ಪಡಿಸುವ ಕ್ರಮವನ್ನು ಒಂದು ಮಾದರಿ ಪ್ರಕರಣ ಇಟ್ಟುಕೊಂಡು ಇಲ್ಲಿ ವಿವರಿಸಿದೆ. ಅಂಕಿಗಳು ವಿವರಣೆಗಾಗಿ ಕಟ್ಟಿದವು. ದೋಷಗಳು ಮಾತ್ರ ಈ ಕೆಲಸ ಮಾಡುವವರಿಗೆ ಪದೇಪದೇ ಎದುರಾಗುವಂಥವು. ಸೈಟಿನಲ್ಲಿ ಸೈನ್‌ಅಪ್ ಆದವರಿಗೆ 7 ದಿನ ಉಚಿತ ಟ್ರಯಲ್ ಸಿಗುತ್ತದೆ, ಬೇಕೆನಿಸಿದರೆ ಅದು ಮುಗಿಯುವ ಮೊದಲೇ ಹಣ ಕೊಟ್ಟು ಕೊಳ್ಳಲೂಬಹುದು ಎಂದಿಟ್ಟುಕೊಳ್ಳಿ.

| | ಮೊದಲ ವಾರ | ಎರಡನೇ ವಾರ |
|---|---|---|
| ಭೇಟಿ ಕೊಟ್ಟವರು | 20,000 | 26,000 |
| ಸೈನ್‌ಅಪ್ ಆದವರು | 1,600 (ಶೇ. 8) | 1,560 (ಶೇ. 6) |
| ಅವರಲ್ಲಿ ಕೊಂಡವರು | 240 (ಶೇ. 15) | 117 (ಶೇ. 7.5) |

ಆವರಣದಲ್ಲಿರುವ ಶೇಕಡಾ ಪ್ರತಿ ಬಾರಿಯೂ ಹಿಂದಿನ ಹಂತಕ್ಕೆ ಹೋಲಿಸಿದ್ದು. ಬಂದವರೆಲ್ಲರಿಗೆ ಹೋಲಿಸಿದರೆ ಕೊಂಡವರು ಶೇ. 1.2ರಿಂದ ಶೇ. 0.45ಕ್ಕೆ ಇಳಿದಿದ್ದಾರೆ. ನಿಮ್ಮ ಚಾರ್ಟ್ ಈ ಎರಡರಲ್ಲಿ ಯಾವ ಶೇಕಡಾ ತೋರಿಸುತ್ತಿದೆ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಒಬ್ಬರು ಶೇ. 15 ಅಂದು ಇನ್ನೊಬ್ಬರು ಶೇ. 1.2 ಅಂದು, ಇಬ್ಬರೂ ಸರಿಯಾದ ಅಂಕಿ ಹಿಡಿದುಕೊಂಡೇ ವಾದ ಮಾಡುವುದು ತೀರಾ ಸಾಮಾನ್ಯ.

ಜೊತೆಗೆ ಇನ್ನೂ ಎರಡು ವಿಷಯ ಬರೆದಿಟ್ಟುಕೊಳ್ಳಬೇಕು. ಒಂದು, ಪಟ್ಟಿಯಲ್ಲಿ ಎಣಿಸಿರುವುದು ಏನನ್ನು: ಜನರನ್ನೋ, ಸೆಷನ್‌ಗಳನ್ನೋ, ಈವೆಂಟ್‌ಗಳನ್ನೋ? ಒಬ್ಬನೇ ಮನುಷ್ಯ ಮೂರು ಸಲ ಬಂದು ಎರಡು ಆರ್ಡರ್ ಮಾಡಿದರೆ ಆತ ಒಬ್ಬ ವ್ಯಕ್ತಿ, ಮೂರು ಸೆಷನ್, ಎರಡು ಖರೀದಿ. ಚಾರ್ಟಿನ ಮೇಲಿನ ಹಂತದಲ್ಲಿ ಸೆಷನ್, ಕೆಳಗಿನ ಹಂತದಲ್ಲಿ ಆರ್ಡರ್ ಇದ್ದರೆ ಅವೆರಡರ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಇನ್ನೊಂದು, ಖರೀದಿಯನ್ನು ಯಾವ ದಿನದವರೆಗೆ ಎಣಿಸಿದೆ ಎಂಬುದು. ನಮ್ಮ ಪ್ರಕರಣದಲ್ಲಿ ಮೂರೂ ಹಂತದಲ್ಲಿ ಎಣಿಸಿರುವುದು ಜನರನ್ನೇ. ಖರೀದಿ ಮಾತ್ರ, ಆ ವಾರ ಸೈನ್‌ಅಪ್ ಆದವರಲ್ಲಿ ಇವತ್ತಿನವರೆಗೆ ಯಾರ್‍ಯಾರು ಕೊಂಡರೋ ಅಷ್ಟು. ಈ ಕೊನೆಯ ವಾಕ್ಯ ಮುಂದೆ ದೊಡ್ಡ ಪಾತ್ರ ವಹಿಸುತ್ತದೆ.

ಯಾಕೆ ತಳದಿಂದ ಶುರು ಮಾಡಬೇಕು

ಚಾರ್ಟನ್ನು ಕಣ್ಣು ಮೇಲಿಂದ ಕೆಳಕ್ಕೆ ಓದುತ್ತದೆ. ದೋಷ ಹುಡುಕುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಅದಕ್ಕೆ ಗಟ್ಟಿ ಕಾರಣ ಇದೆ. ಖರೀದಿಗೆ ಟ್ರ್ಯಾಕಿಂಗ್ ಹೊರತಾದ ಸಾಕ್ಷಿ ಇರುತ್ತದೆ: ಹಣ ಬಂದಿರುತ್ತದೆ, ಆರ್ಡರ್ ಟೇಬಲ್‌ನಲ್ಲಿ ಸಾಲು ಇರುತ್ತದೆ, ಪೇಮೆಂಟ್ ಗೇಟ್‌ವೇ ಬಳಿ ಅದರದೇ ವರದಿ ಇರುತ್ತದೆ. ಸೈನ್‌ಅಪ್‌ಗೂ ಯೂಸರ್ ಟೇಬಲ್ ಎಂಬ ಸಾಕ್ಷಿ ಇದೆ. "ಭೇಟಿ ಕೊಟ್ಟವರು" ಎಂಬ ಅಂಕಿಗೆ ಮಾತ್ರ ಅಂಥ ಭದ್ರ ಸಾಕ್ಷಿ ಇಲ್ಲ. ಅದು ಬ್ರೌಸರ್‌ನಲ್ಲಿ ಇಟ್ಟ ಒಂದು ಕುಕಿಯನ್ನು ನಂಬಿ ಮಾಡಿದ ಅಂದಾಜು. ತಳ ಭದ್ರ ಮಾಡಿಕೊಂಡು ಮೇಲೆ ಹೋದರೆ ಪ್ರತಿ ಹೆಜ್ಜೆಗೂ ಊರಿಕೊಳ್ಳಲು ಒಂದು ನೆಲ ಸಿಗುತ್ತದೆ. ಮೇಲಿನಿಂದ ಇಳಿದರೆ ಮೊದಲ ಹೆಜ್ಜೆಯೇ ಮರಳಿನ ಮೇಲೆ.

ಖರೀದಿ: ಚಾರ್ಟಿನ ಲೆಕ್ಕ, ಆರ್ಡರ್ ಟೇಬಲ್‌ನ ಲೆಕ್ಕ

ಎರಡನೇ ವಾರ ಹಣ ಪಾವತಿಯಾದ ಆರ್ಡರ್‌ಗಳನ್ನು ಡೇಟಾಬೇಸ್‌ನಿಂದ ತೆಗೆಯಿರಿ. ನಮ್ಮ ಪ್ರಕರಣದಲ್ಲಿ 262 ಆರ್ಡರ್ ಸಿಕ್ಕವು. ಚಾರ್ಟ್ 117 ಅನ್ನುತ್ತಿದೆ. "145 ಖರೀದಿ ಕಾಣೆ!" ಎಂದು ಗಾಬರಿಯಾಗುವ ಮುನ್ನ ಎರಡೂ ಕಡೆ ಒಂದೇ ಅಳತೆಗೋಲು ಹಿಡಿಯಬೇಕು. 262 ಆರ್ಡರ್ ಮಾಡಿದವರು 250 ಜನ, ಕೆಲವರು ಎರಡು ಸಲ ಕೊಂಡಿದ್ದಾರೆ. ಆ 250ರಲ್ಲಿ 102 ಜನ ಸೈನ್‌ಅಪ್ ಆದದ್ದು ಈ ವಾರಕ್ಕಿಂತ ಮುಂಚೆ, ಹಾಗಾಗಿ ಅವರು ಈ ವಾರದ ಸಾಲಿಗೆ ಸೇರುವವರಲ್ಲ. ಉಳಿದ 148 ಜನ ಈ ವಾರವೇ ಸೈನ್‌ಅಪ್ ಆಗಿ ಈ ವಾರವೇ ಕೊಂಡವರು. ಅಂದರೆ ಚಾರ್ಟ್ ತೋರಿಸಬೇಕಿದ್ದದ್ದು 148, ತೋರಿಸಿದ್ದು 117. ನಿಜವಾಗಿ ತಪ್ಪಿಹೋದವರು 31 ಜನ.

ಇಷ್ಟು ಗೊತ್ತಾದ ಮೇಲೆ ಶೇಕಡಾ ಲೆಕ್ಕ ಬಿಟ್ಟು ಹೆಸರು ಹಿಡಿದು ಹುಡುಕುವ ಕೆಲಸಕ್ಕೆ ಇಳಿಯಬೇಕು. ಪ್ರತಿ ಆರ್ಡರ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಖರೀದಿಯಾದಾಗ ಅನಲಿಟಿಕ್ಸ್‌ಗೆ ಹೋಗುವ `purchase` ಈವೆಂಟ್‌ನಲ್ಲಿ ಅದೇ ಸಂಖ್ಯೆ `transaction_id` ಆಗಿ ಹೋಗಿರಬೇಕು. ಎರಡೂ ಪಟ್ಟಿಗಳನ್ನು ಆ ಸಂಖ್ಯೆಯ ಮೇಲೆ ಜೋಡಿಸಿ, ಆರ್ಡರ್ ಇದ್ದೂ ಈವೆಂಟ್ ಇಲ್ಲದ ಸಾಲುಗಳನ್ನು ಬೇರೆ ಮಾಡಿ. ಈ ಹೋಲಿಕೆಯನ್ನು 148 ಜನಕ್ಕೆ ಸೀಮಿತ ಮಾಡದೆ 262 ಆರ್ಡರ್‌ಗೂ ಮಾಡಿ, ಯಾಕೆಂದರೆ ಟ್ರ್ಯಾಕಿಂಗ್ ಕೆಟ್ಟರೆ ಅದು ಹೊಸಬರು ಹಳಬರು ಎಂದು ನೋಡುವುದಿಲ್ಲ. ಹಾಗೆ ಮಾಡಿದಾಗ 51 ಆರ್ಡರ್‌ಗಳಿಗೆ ಈವೆಂಟ್ ಇಲ್ಲ ಎಂದು ತಿಳಿಯಿತು. ಆ 51ರಲ್ಲಿ 31 ಈ ವಾರದ ಸೈನ್‌ಅಪ್‌ನವರದು, 18 ಹಿಂದಿನ ವಾರದವರದು, 2 ಇನ್ನೂ ಹಳಬರದು.

ಈಗ ಆ 51 ಸಾಲುಗಳನ್ನು ದಿನವಾರು ಹರಡಿ ನೋಡಿ. ಸೋಮವಾರದಿಂದ ಬುಧವಾರದವರೆಗೆ ಬರೀ 2. ಗುರುವಾರದಿಂದ ಭಾನುವಾರದವರೆಗೆ 49. ಇಷ್ಟು ಚೊಕ್ಕವಾದ ಗೆರೆ ಕಂಡರೆ ಅದು ಜನರ ಮನಸ್ಸು ಬದಲಾದದ್ದಲ್ಲ, ಏನೋ ಒಂದನ್ನು ಯಾರೋ ಬದಲಿಸಿದ್ದು. ಜನರ ನಡವಳಿಕೆ ಇಳಿಜಾರಿನಂತೆ ಇಳಿಯುತ್ತದೆ. ಕೋಡ್ ಕೆಟ್ಟಾಗ ಲೆಕ್ಕ ಮೆಟ್ಟಿಲು ಕುಸಿದಂತೆ ಬೀಳುತ್ತದೆ. ಗುರುವಾರ ಏನು ಬಿಡುಗಡೆಯಾಯಿತು ಎಂದು ಡೆವಲಪರ್‌ಗಳನ್ನು ಕೇಳಿ. ಸೋಮವಾರದಿಂದ ಬುಧವಾರದ ನಡುವಿನ ಆ ಎರಡು ಆರ್ಡರ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ: ಟ್ರ್ಯಾಕಿಂಗ್ ತಡೆಯುವ ಬ್ಲಾಕರ್ ಹಾಕಿಕೊಂಡವರು ಯಾವ ವಾರವೂ ಒಂದಷ್ಟು ಇದ್ದೇ ಇರುತ್ತಾರೆ. ಆ ಕೊರತೆ ಪ್ರತಿ ವಾರ ಒಂದೇ ಪ್ರಮಾಣದಲ್ಲಿರುವವರೆಗೆ ಹೋಲಿಕೆಗೆ ತೊಂದರೆ ಇಲ್ಲ.

ಮುಂದಿನ ಹೆಜ್ಜೆ, ಆ 49 ಆರ್ಡರ್‌ಗಳನ್ನು ಸಾಧನ ಮತ್ತು ಪಾವತಿಯ ವಿಧಾನದ ಪ್ರಕಾರ ವಿಂಗಡಿಸುವುದು. 47 ಆರ್ಡರ್ ಫೋನ್‌ನಿಂದ ಬಂದವು, ಅಷ್ಟೂ ಬೇರೊಂದು ಆ್ಯಪ್‌ಗೆ ಹೋಗಿ ಹಣ ಕಟ್ಟುವ ವಿಧಾನದವು. ಕಾರಣ ಇಲ್ಲಿಗೆ ಹೊರಬಿತ್ತು. ಗುರುವಾರದ ಬಿಡುಗಡೆಯಲ್ಲಿ `purchase` ಈವೆಂಟ್ ಕಳಿಸುವ ಕೋಡ್ "ಧನ್ಯವಾದ" ಪುಟಕ್ಕೆ ಸ್ಥಳಾಂತರವಾಗಿತ್ತು. ಮುಂಚೆ ಹಣ ಬಂದದ್ದು ಖಾತರಿಯಾದ ತಕ್ಷಣ ಸರ್ವರೇ ಅದನ್ನು ಕಳಿಸುತ್ತಿತ್ತು. ಗ್ರಾಹಕರು ಪಾವತಿ ಆ್ಯಪ್‌ಗೆ ಹೋಗುತ್ತಾರೆ, ಹಣ ಕಟ್ಟುತ್ತಾರೆ, ಅಲ್ಲೇ "ಪಾವತಿ ಯಶಸ್ವಿ" ಎಂಬ ಹಸಿರು ಗುರುತು ನೋಡುತ್ತಾರೆ. ಅವರ ಮಟ್ಟಿಗೆ ಕೆಲಸ ಮುಗಿಯಿತು. ಬ್ರೌಸರ್‌ಗೆ ಮರಳುವ ಅಗತ್ಯವೇ ಅವರಿಗಿಲ್ಲ. ಧನ್ಯವಾದ ಪುಟ ತೆರೆಯುವುದೇ ಇಲ್ಲ. ಖರೀದಿ ಆಗಿದೆ, ಚಾರ್ಟಿಗೆ ಮಾತ್ರ ಸುದ್ದಿ ತಲುಪಿಲ್ಲ.

ಪರಿಹಾರ ಹಳೆಯ ದಾರಿಗೇ ಮರಳುವುದು: ಗೇಟ್‌ವೇ ನಿಮ್ಮ ಸರ್ವರ್‌ಗೆ ಪಾವತಿ ಖಾತರಿಯ ವೆಬ್‌ಹುಕ್ ಎಂಬ ಸ್ವಯಂಚಾಲಿತ ಸಂದೇಶ ಕಳಿಸಿದಾಗ ಸರ್ವರ್‌ನಿಂದಲೇ `purchase` ಹೋಗಬೇಕು. ಧನ್ಯವಾದ ಪುಟದ ಕೋಡನ್ನು ತೆಗೆದುಹಾಕಿ. ಎರಡೂ ಇರಲಿ ಎಂದು ಬಿಟ್ಟರೆ ಈಗಿನ ಕೊರತೆ ನಾಳೆ ಹೆಚ್ಚಳವಾಗುತ್ತದೆ, ಒಂದೇ ಆರ್ಡರ್ ಎರಡು ಸಲ ಎಣಿಕೆಯಾಗುತ್ತದೆ. ಗೂಗಲ್ ಅನಲಿಟಿಕ್ಸ್ 4 ಬಳಸುವವರಿಗೆ ಇಲ್ಲಿ ಒಂದು ಎಚ್ಚರಿಕೆ. ಒಬ್ಬರೇ ಬಳಕೆದಾರರಿಂದ ಒಂದೇ `transaction_id` ಎರಡನೇ ಸಲ ಬಂದರೆ ಅದು ನಕಲು ಎಂದು ಬಿಟ್ಟುಬಿಡುತ್ತದೆ, ಇದು ಒಳ್ಳೆಯದೇ. ಆದರೆ ಆ ಜಾಗದಲ್ಲಿ ಖಾಲಿ ಅಕ್ಷರಸಾಲು `""` ಹೋಗುತ್ತಿದ್ದರೆ ಅಂಥ ಖರೀದಿಗಳನ್ನೆಲ್ಲ ಒಂದೇ ವಹಿವಾಟಿನ ನಕಲುಗಳೆಂದು ಭಾವಿಸಿ ಕೈಬಿಡುತ್ತದೆ. ಖರೀದಿಯ ಪಟ್ಟಿ ಬಹುಪಾಲು ನೆಲಕಚ್ಚಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಕಾಲದ ಅಂತರ: ಇನ್ನೂ ಮಾಗದ ವಾರ

ಕಾಣೆಯಾದವರನ್ನು ಸೇರಿಸಿದ ಮೇಲೆ ಎರಡನೇ ವಾರ 148, ಅಂದರೆ 1,560ಕ್ಕೆ ಶೇ. 9.5. ಮೊದಲ ವಾರಕ್ಕೂ ಅದೇ ನ್ಯಾಯ: ತಪ್ಪಿಹೋದ 18 ಸೇರಿಸಿದರೆ 240 ಹೋಗಿ 258, ಶೇ. 16.1. ಅಂತರ ಇನ್ನೂ ದೊಡ್ಡದೇ ಇದೆ. ಟ್ರ್ಯಾಕಿಂಗ್ ಸರಿಪಡಿಸಿದೆವು, ಉಳಿದದ್ದು ನಿಜವಾದ ಇಳಿತವೇ ಇರಬೇಕು ಎಂದು ಬಹಳ ಮಂದಿ ನಿಲ್ಲಿಸುವುದು ಇಲ್ಲಿ. ಇನ್ನೊಂದು ಹೆಜ್ಜೆ ಹೋಗಲೇಬೇಕು.

ಚಾರ್ಟ್ ತೆರೆದದ್ದು ಎರಡನೇ ವಾರ ಮುಗಿದ ಮರುದಿನ. ಮೊದಲ ವಾರದ ಸೋಮವಾರ ಸೈನ್‌ಅಪ್ ಆದವರಿಗೆ ಕೊಳ್ಳಲು ಸುಮಾರು 14 ದಿನ ಸಿಕ್ಕಿದೆ, ಆ ವಾರದ ಭಾನುವಾರ ಆದವರಿಗೂ 7 ದಿನ ಸಿಕ್ಕಿದೆ. ಎರಡನೇ ವಾರದವರಲ್ಲಿ ಸೋಮವಾರದವರಿಗೆ ಹೆಚ್ಚೆಂದರೆ 7 ದಿನ, ಭಾನುವಾರ ರಾತ್ರಿ ಆದವರಿಗೆ ಕೆಲವೇ ಗಂಟೆ. ಇಲ್ಲಿ 7 ದಿನದ ಟ್ರಯಲ್ ಬೇರೆ ಇದೆ. ಟ್ರಯಲ್ ಮುಗಿಯುವ ಹೊತ್ತಿಗೆ ಕೊಳ್ಳುವವರು ಗಣನೀಯ ಸಂಖ್ಯೆಯಲ್ಲಿದ್ದಾರೆ, ಎರಡನೇ ವಾರದಲ್ಲಿ ಆ ಘಟ್ಟ ಮುಟ್ಟಿದವರು ಬಹುತೇಕ ಯಾರೂ ಇಲ್ಲ. ಒಂದೇ ದಿನ ಬಿತ್ತಿದ ಎರಡು ಹೊಲವನ್ನು ಹೋಲಿಸಬಹುದು. ಒಂದನ್ನು ಒಂದು ವಾರ ಮುಂಚೆ ಬಿತ್ತಿದ್ದರೆ ಪೈರಿನ ಎತ್ತರ ಹೋಲಿಸಿ ಏನು ತಿಳಿದೀತು?

ಇದನ್ನು ಪರೀಕ್ಷಿಸಲು ಎರಡು ದಾರಿ. ಸುಲಭದ್ದು: ಕಳೆದ ಸೋಮವಾರ ಇದೇ ಚಾರ್ಟಿನ ಚಿತ್ರ ಉಳಿಸಿಟ್ಟಿದ್ದರೆ ತೆಗೆದು ನೋಡಿ. ಅವತ್ತು ಮೊದಲ ವಾರದ ಪಟ್ಟಿಯಲ್ಲಿ ಕೊಂಡವರು 160, ಅಂದರೆ ಶೇ. 10 ಮಾತ್ರ ಇತ್ತು. ಅದೇ ಪಟ್ಟಿ ಒಂದು ವಾರದಲ್ಲಿ ತಾನೇ ಬೆಳೆದು ಶೇ. 16 ಆಗಿದೆ. ಎರಡನೇ ವಾರದ ಶೇ. 9.5 ಅನ್ನು ಹೋಲಿಸಬೇಕಾದದ್ದು ಈ ಶೇ. 10ರ ಜೊತೆ.

ಚಿತ್ರ ಉಳಿಸಿಟ್ಟಿಲ್ಲದಿದ್ದರೆ, ಅಥವಾ ಇನ್ನೂ ಖಚಿತವಾಗಿ ತಿಳಿಯಬೇಕಿದ್ದರೆ, ಎಲ್ಲರಿಗೂ ಸಮಾನ ಗಡುವು ಹಾಕಿ ಎಣಿಸಬೇಕು. ಇಲ್ಲಿ 48 ಗಂಟೆಯ ಗಡುವು ಹಾಕಿದೆ: ಸೈನ್‌ಅಪ್ ಆದ 48 ಗಂಟೆಯೊಳಗೆ ಕೊಂಡವರೆಷ್ಟು? ಈ ಗಡುವು ಪೂರ್ತಿ ಸಿಕ್ಕಿರುವವರನ್ನು ಮಾತ್ರ ಛೇದಕ್ಕೆ ತೆಗೆದುಕೊಳ್ಳಬೇಕು. ಶುಕ್ರವಾರ ಮಧ್ಯರಾತ್ರಿ ಸೈನ್‌ಅಪ್ ಆದವರ 48 ಗಂಟೆ ಭಾನುವಾರ ಮಧ್ಯರಾತ್ರಿಗೆ ತುಂಬುತ್ತದೆ, ಆದ್ದರಿಂದ ಸೋಮವಾರದಿಂದ ಶುಕ್ರವಾರದವರೆಗಿನವರು ಮಾತ್ರ ಲೆಕ್ಕಕ್ಕೆ. ಶನಿವಾರ, ಭಾನುವಾರದವರನ್ನು ಎರಡೂ ವಾರದಿಂದ ಬಿಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ ಪ್ರಶ್ನೆ ಹೀಗಿರುತ್ತದೆ:

```sql
SELECT COUNT(DISTINCT u.id)      AS signups,
       COUNT(DISTINCT o.user_id) AS buyers
FROM users u
LEFT JOIN orders o
  ON o.user_id = u.id
 AND o.status = 'paid'
 AND o.paid_at >= u.created_at
 AND o.paid_at < u.created_at + INTERVAL '48 hours'
WHERE u.created_at >= '2025-03-10'
  AND u.created_at <  '2025-03-15';
```

ಖರೀದಿಯ ಷರತ್ತುಗಳೆಲ್ಲ `ON` ಭಾಗದಲ್ಲಿ ಇರುವುದನ್ನು ಗಮನಿಸಿ. ಅವನ್ನು `WHERE`ಗೆ ಸರಿಸಿದರೆ ಕೊಳ್ಳದವರೆಲ್ಲ ಪಟ್ಟಿಯಿಂದ ಉದುರಿಹೋಗಿ, ಸೈನ್‌ಅಪ್ ಆದವರೆಲ್ಲರೂ ಕೊಂಡಿದ್ದಾರೆ ಎಂಬ ಉತ್ತರ ಬರುತ್ತದೆ. ಇನ್ನೊಂದು ಮಾತು, ಡೇಟಾಬೇಸ್‌ನಲ್ಲಿ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ ಇರುತ್ತದೆ, ಅನಲಿಟಿಕ್ಸ್‌ನಲ್ಲಿ ನೀವು ಆರಿಸಿದ ಟೈಮ್‌ಜೋನ್ ಇರುತ್ತದೆ. ವಾರದ ಗಡಿ ಎರಡೂ ಕಡೆ ಒಂದೇ ಕ್ಷಣಕ್ಕೆ ಬೀಳುವಂತೆ ಹೊಂದಿಸದಿದ್ದರೆ ಗಡಿಯ ಆಚೀಚೆಯ ಕೆಲವು ಗಂಟೆಗಳ ಆರ್ಡರ್‌ಗಳು ಸುಮ್ಮನೆ ವ್ಯತ್ಯಾಸವಾಗಿ ಕಾಣುತ್ತವೆ.

ಫಲಿತಾಂಶ: ಮೊದಲ ವಾರ 1,180 ಸೈನ್‌ಅಪ್‌ಗೆ 106 ಜನ, ಶೇ. 9. ಎರಡನೇ ವಾರ 1,150ಕ್ಕೆ 101 ಜನ, ಶೇ. 8.8. ಇಷ್ಟು ಸಣ್ಣ ವ್ಯತ್ಯಾಸವನ್ನು ಇಳಿತ ಅನ್ನಲಾಗದು. ಕೊಳ್ಳುವವರು ಕಡಿಮೆಯಾಗಿಲ್ಲ. ಶೇ. 15ರಿಂದ ಶೇ. 7.5 ಎಂಬ ಹೆದರಿಸುವ ಜಾರುವಿಕೆಯಲ್ಲಿ ಒಂದಷ್ಟು ಭಾಗ ಕಳೆದುಹೋದ ಈವೆಂಟ್‌ಗಳದು, ದೊಡ್ಡ ಭಾಗ ಇನ್ನೂ ಮಾಗದ ವಾರದ್ದು.

48 ಗಂಟೆಯ ಈ ಪರೀಕ್ಷೆಗೂ ಒಂದು ಮಿತಿ ಇದೆ. ಟ್ರಯಲ್ ಕೊನೆಯಲ್ಲಿ ಕೊಳ್ಳುವವರ ಬಗ್ಗೆ ಅದು ಏನೂ ಹೇಳುವುದಿಲ್ಲ. ಟ್ರಯಲ್ ಮುಗಿಯುವಾಗ ಹೋಗುವ ನೆನಪಿನ ಇಮೇಲ್ ಗುರುವಾರದ ಬಿಡುಗಡೆಯಲ್ಲಿ ಕೆಟ್ಟಿದ್ದರೆ ಈ ಲೆಕ್ಕದಲ್ಲಿ ಅದು ಕಾಣದು. ಅದಕ್ಕೆ 10 ದಿನದ ಗಡುವಿನ ಇನ್ನೊಂದು ಎಣಿಕೆ ಬೇಕು, ಆ ಎಣಿಕೆಗೆ ಎರಡನೇ ವಾರದ ಕೊನೆಯ ದಿನದವರಿಗೂ 10 ದಿನ ತುಂಬುವವರೆಗೆ ಕಾಯಬೇಕು. ಕಾಯುವುದು ಕಷ್ಟ, ಮೀಟಿಂಗ್‌ನಲ್ಲಿ ಉತ್ತರ ಇವತ್ತೇ ಕೇಳುತ್ತಾರೆ. ಆದರೂ 48 ಗಂಟೆಯ ಉತ್ತರವನ್ನು 10 ದಿನದ ಉತ್ತರ ಎಂದು ಒಪ್ಪಿಸಬೇಡಿ. ಯಾವ ಗಡುವಿನದು ಎಂದು ಅಂಕಿಯ ಪಕ್ಕದಲ್ಲೇ ಬರೆಯಿರಿ.

ಸೈನ್‌ಅಪ್: ಇಳಿದದ್ದು ಅಂಶವೋ, ಛೇದವೋ

ಶೇ. 8ರಿಂದ ಶೇ. 6. ಇಲ್ಲಿ ಶೇಕಡಾವನ್ನು ಮರೆತು ಅಂಶ, ಛೇದ ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಸೈನ್‌ಅಪ್ 1,600 ಇದ್ದದ್ದು 1,560 ಆಗಿದೆ. 40ರ ಈ ಕೊರತೆ ದೊಡ್ಡದೇ? ಎಣಿಕೆಯ ಅಂಕಿಗಳಿಗೆ ಒಂದು ಕೈಲೆಕ್ಕ ಇದೆ: ಯಾವುದೂ ಬದಲಾಗದಿದ್ದರೂ ಒಂದು ಎಣಿಕೆ ವಾರದಿಂದ ವಾರಕ್ಕೆ ಅದರ ವರ್ಗಮೂಲದಷ್ಟು ಅತ್ತಿತ್ತ ಓಲಾಡುತ್ತದೆ. 1,600ರ ವರ್ಗಮೂಲ 40. ಎರಡು ವಾರದ ವ್ಯತ್ಯಾಸ ನೋಡುವಾಗ ಎರಡೂ ಓಲಾಡುವುದರಿಂದ ಮೊತ್ತದ ವರ್ಗಮೂಲ ತೆಗೆಯಬೇಕು. 3,160ಕ್ಕೆ ಅದು ಸುಮಾರು 56. ಅದರ ಎರಡು ಪಟ್ಟು, ಅಂದರೆ 112 ದಾಟಿದ್ದರೆ ಕಾರಣ ಹುಡುಕಬೇಕಿತ್ತು. 40ಕ್ಕೆ ಕಾರಣ ಹುಡುಕಿದರೆ ಇಲ್ಲದ ಕಾರಣ ಸಿಗುತ್ತದೆ.

ಯೂಸರ್ ಟೇಬಲ್‌ನಲ್ಲೂ 1,560 ಸಾಲೇ ಇದ್ದರೆ ಈ ಹಂತ ಮುಗಿಯಿತು. ಚಾರ್ಟಿನ ಅಂಕಿ ಟೇಬಲ್‌ಗಿಂತ ಹೆಚ್ಚಿದ್ದರೆ `sign_up` ಈವೆಂಟ್ ಲಾಗಿನ್ ಸಮಯದಲ್ಲೂ ಹೋಗುತ್ತಿದೆಯೇ ನೋಡಿ. ಬೇರೊಂದು ಖಾತೆಯ ಮೂಲಕ ಒಳಬರುವ ಬಟನ್ ಇರುವಲ್ಲಿ ಹೊಸಬರು, ಹಳಬರು ಇಬ್ಬರೂ ಅದೇ ದಾರಿಯಲ್ಲಿ ಬರುವುದರಿಂದ ಈ ತಪ್ಪು ಸುಲಭವಾಗಿ ನುಸುಳುತ್ತದೆ.

ಭೇಟಿ: ಹೆಚ್ಚಾದ 6,000 ಯಾರು

ಅಂಶ ಸರಿ ಇದ್ದು ಶೇಕಡಾ ಇಳಿದಿದೆ ಎಂದರೆ ಛೇದ ಉಬ್ಬಿದೆ. 20,000 ಇದ್ದದ್ದು 26,000. ಈ 6,000ಕ್ಕೆ ಮೂರು ವಿವರಣೆ ಸಾಧ್ಯ: ಹೊಸ ಜನ ಬಂದಿದ್ದಾರೆ, ಬಾಟ್‌ಗಳು ಬಂದಿವೆ, ಅಥವಾ ಇದ್ದವರನ್ನೇ ಎರಡು ಸಲ ಎಣಿಸಿದೆ.

ಮೂರನೆಯದನ್ನು ಮೊದಲು ತೀರ್ಮಾನಿಸಿ, ಯಾಕೆಂದರೆ ಅದಕ್ಕೆ ಒಂದೇ ಅಂಕಿ ಸಾಕು. ಒಟ್ಟು `page_view` ಎಷ್ಟು ಹೆಚ್ಚಾಯಿತು? ಒಬ್ಬನೇ ಮನುಷ್ಯನ ಗುರುತು ಮಧ್ಯದಲ್ಲಿ ಕಳಚಿ ಎರಡು ಗುರುತಾದರೆ, ಭೇಟಿ ಕೊಟ್ಟವರ ಸಂಖ್ಯೆ ಏರುತ್ತದೆ, ಪುಟ ನೋಡಿದ ಸಂಖ್ಯೆ ಏರುವುದಿಲ್ಲ. ಹಾಗೆ ಕಂಡರೆ ಕುಕಿಯ ಕಡೆ ಹೋಗಿ: ಕುಕಿಗೆ ಒಪ್ಪಿಗೆ ಕೇಳುವ ಬ್ಯಾನರ್ ಬದಲಾಗಿದೆಯೇ, ಸೈಟಿನ ಒಂದು ಭಾಗ ಬೇರೆ ಡೊಮೇನ್‌ಗೆ ಹೋಗಿದೆಯೇ ಎಂದು ನೋಡಿ. ಸಫಾರಿ ಬ್ರೌಸರ್ ಜಾವಾಸ್ಕ್ರಿಪ್ಟ್ ಇಟ್ಟ ಕುಕಿಗೆ 7 ದಿನಕ್ಕಿಂತ ಹೆಚ್ಚು ಆಯುಷ್ಯ ಕೊಡುವುದಿಲ್ಲ, ಇದು 2019ರಿಂದ ಇರುವ ನಿಯಮ. ಅಷ್ಟು ದಿನ ಸೈಟಿನ ಕಡೆ ತಲೆ ಹಾಕದೆ ಮರಳಿ ಬಂದವರು ಹೊಸಬರಾಗಿ ಎಣಿಕೆಯಾಗುತ್ತಾರೆ. 7 ದಿನದ ಟ್ರಯಲ್ ಇರುವ ಸೈಟಿಗೆ ಇದು ನೇರ ಪೆಟ್ಟು: ಟ್ರಯಲ್ ಮುಗಿದ ಮೇಲೆ ಬಂದು ಕೊಂಡವರ ಖರೀದಿ ಅವರ ಹಳೆಯ ಸೈನ್‌ಅಪ್‌ಗೆ ಅಂಟುವುದೇ ಇಲ್ಲ. ಲಾಗಿನ್ ಆದ ಮೇಲಿನ ಪ್ರತಿ ಈವೆಂಟ್ ಜೊತೆ `user_id` ಕಳಿಸಿ, ಚಾರ್ಟ್ ಅದರ ಮೇಲೆ ಜನರನ್ನು ಗುರುತಿಸುವಂತೆ ಮಾಡುವುದು ಇದಕ್ಕೆ ಪರಿಹಾರ.

ನಮ್ಮ ಪ್ರಕರಣದಲ್ಲಿ ಪುಟಗಳ ಎಣಿಕೆ 70,000ದಿಂದ 76,100 ಆಗಿದೆ. ಜನ 6,000 ಹೆಚ್ಚು, ಪುಟ 6,100 ಹೆಚ್ಚು. ಹಾಗಾದರೆ ಇದ್ದವರನ್ನೇ ಎರಡು ಸಲ ಎಣಿಸಿದ್ದಲ್ಲ. ನಿಜವಾಗಿಯೂ ಹೆಚ್ಚುವರಿ ಬಂದಿದ್ದಾರೆ, ಬಂದವರು ತಲಾ ಒಂದೇ ಪುಟ ತೆರೆದು ಹೋಗಿದ್ದಾರೆ. ಮೊದಲ ವಾರದವರು ತಲಾ ಮೂರೂವರೆ ಪುಟ ನೋಡಿದ್ದರು.

ಈಗ ಅವರು ಮೊದಲು ಇಳಿದ ಪುಟ, ಪರದೆಯ ಅಳತೆ ಮತ್ತು ಗಂಟೆ, ಈ ಮೂರರ ಮೇಲೆ ವಿಂಗಡಿಸಿ. 5,400 ಭೇಟಿಗಳು ಒಂದೇ ಹಳೆಯ ಪುಟಕ್ಕೆ, ಒಂದೇ ಪರದೆ ಅಳತೆಯಿಂದ ಬಂದಿವೆ. ಗಂಟೆವಾರು ಗ್ರಾಫ್ ಹಾಕಿದರೆ ಅನುಮಾನ ಪೂರ್ತಿ ಕಳೆಯುತ್ತದೆ. ಮನುಷ್ಯರ ಭೇಟಿಗೆ ಅಲೆ ಇರುತ್ತದೆ. ರಾತ್ರಿ ತಗ್ಗು, ಬೆಳಿಗ್ಗೆ ಏರು, ಊಟದ ಹೊತ್ತಿಗೆ ಒಂದು ಸಣ್ಣ ಬಳುಕು. ಈ 5,400ರ ಗೆರೆ ಹಗಲು ರಾತ್ರಿ ಒಂದೇ ಮಟ್ಟದಲ್ಲಿ ಹಲಗೆಯಂತೆ ಚಪ್ಪಟೆ. ನಿದ್ದೆ ಮಾಡದ ಸಂದರ್ಶಕರು ಬಾಟ್‌ಗಳೇ. ತಿಳಿದಿರುವ ಬಾಟ್‌ಗಳನ್ನು ಅನಲಿಟಿಕ್ಸ್ ಉಪಕರಣಗಳು ತಾವೇ ಸೋಸುತ್ತವೆ, ನಿಜ. ಮಾಮೂಲಿ ಬ್ರೌಸರ್‌ನಂತೆ ವೇಷ ಹಾಕಿ ಬರುವವು ಆ ಜರಡಿಯಲ್ಲಿ ನಿಲ್ಲುವುದಿಲ್ಲ.

ಆ ಗುರುತುಗಳಿಂದ ಒಂದು ಫಿಲ್ಟರ್ ಕಟ್ಟಿ ಎರಡೂ ವಾರಕ್ಕೆ ಹಾಕಿ. ಎರಡನೇ ವಾರಕ್ಕೆ ಮಾತ್ರ ಹಾಕುವುದು ತಕ್ಕಡಿಯ ಒಂದು ತಟ್ಟೆ ಮಾತ್ರ ಒರೆಸಿದಂತೆ. ಮೊದಲ ವಾರದಲ್ಲಿ ಅಂಥವು ಸಿಗಲಿಲ್ಲ. ಎರಡನೇ ವಾರದಲ್ಲಿ 20,600 ಉಳಿದರು, 1,560ಕ್ಕೆ ಶೇ. 7.6. ಶೇ. 8ಕ್ಕೂ ಇದಕ್ಕೂ ಇನ್ನೂ ಸ್ವಲ್ಪ ಅಂತರ ಇದೆ. ಈ ಗಾತ್ರದ ಅಂಕಿಗಳಲ್ಲಿ ಅರ್ಧ ಶೇಕಡಾ ಪಾಯಿಂಟ್‌ನವರೆಗಿನ ಏರುಪೇರು ತಾನಾಗಿಯೇ ಬರಬಹುದು. ಅದನ್ನು "ಇಳಿತ" ಎಂದೂ ಬರೆಯಬೇಡಿ, "ಏನೂ ಆಗಿಲ್ಲ" ಎಂದೂ ಬರೆಯಬೇಡಿ. ಮೂರನೇ ವಾರವೂ ಶೇ. 7.6ರ ಸುತ್ತಲೇ ನಿಂತರೆ ಆಗ ಸೈನ್‌ಅಪ್ ಪುಟವನ್ನು ಕೈಗೆತ್ತಿಕೊಳ್ಳಿ.

ಆ 6,000 ಜನ ನಿಜವಾದ ಮನುಷ್ಯರೇ ಆಗಿದ್ದರೆ? ಹೊಸ ಜಾಹೀರಾತೊಂದು ಕುತೂಹಲಿಗಳನ್ನು ತಂದಿದ್ದರೆ? ಆಗ ಫಿಲ್ಟರ್ ಹಾಕಬಾರದು, ಆದರೆ ಸೈಟ್ ಕೆಟ್ಟಿದೆ ಎಂದೂ ಅಲ್ಲ. ಹಳೆಯ ಮೂಲಗಳಿಂದ ಬಂದ 20,000ದಲ್ಲಿ ಈಗಲೂ ಹೆಚ್ಚುಕಡಿಮೆ ಶೇ. 8 ಸೈನ್‌ಅಪ್ ಆಗುತ್ತಿದ್ದು, ಹೊಸ 6,000ದಲ್ಲಿ ಬಹುತೇಕ ಯಾರೂ ಆಗದಿದ್ದರೆ ಒಟ್ಟು ಶೇಕಡಾ ತಾನಾಗಿ ಶೇ. 6ಕ್ಕೆ ಬರುತ್ತದೆ. ಪ್ರತಿ ಮೂಲಕ್ಕೂ ಬೇರೆ ಫನೆಲ್ ಹಾಕಿ ನೋಡದೆ ಒಟ್ಟು ಪಟ್ಟಿಯನ್ನೇ ನೋಡುತ್ತಿದ್ದರೆ, ಚೆನ್ನಾಗಿರುವ ಸೈನ್‌ಅಪ್ ಪುಟವನ್ನು ಕೆಡವಿ ಕಟ್ಟುವ ಕೆಲಸ ಶುರುವಾಗುತ್ತದೆ. ಕೈ ಹಾಕಬೇಕಾದದ್ದು ಜಾಹೀರಾತಿಗೆ.

ಸರಿಪಡಿಸಿದ ಮೇಲೆ

ಚಾರ್ಟಿನ ಮೇಲೆ ಗುರುವಾರದ ದಿನಾಂಕಕ್ಕೆ ಟಿಪ್ಪಣಿ ಹಾಕಿ: ಅಂದಿನಿಂದ ದುರಸ್ತಿಯ ದಿನದವರೆಗೆ `purchase` ಅಪೂರ್ಣ, ಡೇಟಾಬೇಸ್ ಅಂಕಿ ಬಳಸಿ. ಆರು ತಿಂಗಳ ನಂತರ ಯಾರೋ ಈ ಹಳ್ಳ ನೋಡಿ ಕಥೆ ಕಟ್ಟದಂತೆ ಅದು ಕಾಯುತ್ತದೆ. ಖರೀದಿಯ ಹಂತವನ್ನು "ಇವತ್ತಿನವರೆಗೆ" ಎಂಬುದರಿಂದ "ಸೈನ್‌ಅಪ್ ಆದ 10 ದಿನದೊಳಗೆ" ಎಂದು ಬದಲಿಸಿ, 10 ದಿನ ತುಂಬದ ವಾರಗಳನ್ನು ಮಸುಕು ಬಣ್ಣದಲ್ಲಿ ತೋರಿಸಿ. ಆರ್ಡರ್ ಟೇಬಲ್ ಮತ್ತು `purchase` ಈವೆಂಟ್‌ಗಳ ದಿನವಾರು ವ್ಯತ್ಯಾಸವನ್ನು ತಾನಾಗಿ ಲೆಕ್ಕ ಹಾಕುವ ಒಂದು ಸಾಲನ್ನು ವರದಿಗೆ ಸೇರಿಸಿ. ನಮ್ಮ ಪ್ರಕರಣದಲ್ಲಿ ಅದೊಂದು ಇದ್ದಿದ್ದರೆ ಶನಿವಾರವೇ ದೋಷ ಕಾಣುತ್ತಿತ್ತು. ಗೂಗಲ್ ಅನಲಿಟಿಕ್ಸ್ 4ರಲ್ಲಿ ಡೇಟಾ ಪೂರ್ತಿ ಸಂಸ್ಕರಣೆಯಾಗಲು 24ರಿಂದ 48 ಗಂಟೆ ಹಿಡಿಯಬಹುದು, ಹಾಗಾಗಿ ನಿನ್ನೆಯ ವ್ಯತ್ಯಾಸಕ್ಕೆ ಎಚ್ಚರಿಕೆ ಗಂಟೆ ಬಾರಿಸದೆ ಮೊನ್ನೆಯದನ್ನು ನೋಡಿ.

ಕೊನೆಗೆ ಒಂದು ಖರೀದಿಯನ್ನು ನೀವೇ ಮಾಡಿ. ಕಂಪ್ಯೂಟರ್‌ನಲ್ಲಿ ಬೇಡ, ಫೋನಿನಲ್ಲಿ. ಪರೀಕ್ಷಾ ಕಾರ್ಡಿನಿಂದ ಬೇಡ, ಬೇರೆ ಆ್ಯಪ್‌ಗೆ ಹೋಗುವ ವಿಧಾನದಿಂದಲೇ. ಹಸಿರು ಗುರುತು ಬಂದ ಕೂಡಲೇ ಬ್ರೌಸರ್‌ಗೆ ಮರಳದೆ ಆ ಟ್ಯಾಬ್ ಮುಚ್ಚಿಬಿಡಿ. ಎರಡು ದಿನ ಕಳೆದ ಮೇಲೆ ಆ ಆರ್ಡರ್ ಸಂಖ್ಯೆ `transaction_id`ಗಳ ಪಟ್ಟಿಯಲ್ಲಿ ಒಂದೇ ಒಂದು ಸಲ ಇರಬೇಕು. ಇದ್ದರೆ ಆ ಹಣವನ್ನು ಮರುಪಾವತಿ ಮಾಡಿಸಿಕೊಂಡು, ಆ ಆರ್ಡರ್ ಲೆಕ್ಕದಿಂದಲೂ ಹೊರಗುಳಿದಿದೆಯೇ ಎಂದು ಖಾತರಿ ಮಾಡಿಕೊಳ್ಳಿ.